ಕುರ್ಚಿಯಲ್ಲೇ ಉಳಿದ ತಲೆ

ನನ್ನ ಅಣ್ಣನ ಮಗಳಿಗೆ ಗಡಿಬಿಡಿ ಎಂದು ಹೆಸರಿಟ್ಟವಳು ನಾನು. ಶಾಲೆಯ ಹಾಜರಿ ಪುಸ್ತಕದಲ್ಲಿ ಬೇರೇನೋ ಚೆಂದದ ಹೆಸರಿದೆ. ಆದರೆ ಎರಡು ಕಾಲಿಗೆ ಎರಡು ಬಗೆಯ ಚಪ್ಪಲಿ ಮೆಟ್ಟಿಕೊಂಡು ಪರೀಕ್ಷೆಗೆ ಹೋಗಿ, ಬರೆದು, ಮನೆಗೆ ಬಂದ ಮೇಲೂ ಅದು ತನಗೆ ಗೊತ್ತೇ ಆಗದ ಹುಡುಗಿಯನ್ನು ಆ ಚೆಂದದ ಹೆಸರಿನಿಂದ ಕರೆಯಲು ನನಗೆ ಬಾಯಿ ಬರುವುದಿಲ್ಲ. ಈಗ ಅವಳಿಗೆ ಹದಿನಾರು. ಸಂಜೆ ನಾಲ್ಕಕ್ಕೆ ಕಾಲೇಜು ಮುಗಿಸಿ ನಮ್ಮ ಅಂಗಡಿಗೆ ಬರುತ್ತಾಳೆ, ಬ್ಯಾಗನ್ನು ಎಲ್ಲೋ ಎಸೆಯುತ್ತಾಳೆ, ಹೋಗುವಾಗ ಅರ್ಧ ಗಂಟೆ ಅದನ್ನು ಹುಡುಕುತ್ತಾಳೆ.

ನಮ್ಮದು ಕುರ್ಚಿ ರಿಪೇರಿ ಅಂಗಡಿ. ಬರೀ ಕುರ್ಚಿ. ಯಾರಾದರೂ ಮೇಜು ಹೊತ್ತು ತಂದರೆ ಅಪ್ಪ ತಲೆಯೆತ್ತಿಯೂ ನೋಡುವುದಿಲ್ಲ, ಪಕ್ಕದ ಬೀದಿಗೆ ಕೈ ತೋರಿಸುತ್ತಾನೆ. ಅಪ್ಪ ಮರದ ಕೆಲಸ ಮತ್ತು ಬೆತ್ತದ ಹೆಣಿಗೆ ನೋಡಿಕೊಂಡರೆ, ಸ್ಪಂಜು ತುಂಬಿ ಮೇಲುಹೊದಿಕೆ ಹೊಲಿಯುವುದು ನನ್ನ ಪಾಲು. ಮೂವರಿಗೆ ಸಾಲುವ ಕೋಣೆ. ಅದರಲ್ಲಿ ಯಾವಾಗಲೂ ಮೂವತ್ತು ಕುರ್ಚಿಗಳಿರುತ್ತವೆ, ಕೂರಲು ಯೋಗ್ಯವಾದದ್ದು ಒಂದೂ ಇರುವುದಿಲ್ಲ. ಬಂದವರನ್ನು ನಿಂತೇ ಮಾತಾಡಿಸಿ ಕಳಿಸುತ್ತೇವೆ.

ಗಡಿಬಿಡಿಯ ಕೆಲಸ ಉಪ್ಪುಕಾಗದದಿಂದ ಮರ ಉಜ್ಜಿ ನಯ ಮಾಡುವುದು ಮತ್ತು ಅಂಗಡಿಯ ಫೋಟೋ ಖಾತೆ ನೋಡಿಕೊಳ್ಳುವುದು. ಆ ಖಾತೆಯನ್ನು ತೆರೆದವಳೂ ಅವಳೇ, ಹದಿಮೂರನೇ ವಯಸ್ಸಿನಲ್ಲಿ. ಮನೆಯ ಹಳೆಯ ಫೋನೊಂದು ಅಂಗಡಿಗೆ ಬಂತು. ಅದರಲ್ಲಿ ಅವಳ ಸ್ವಂತ ಖಾತೆಯೂ ಇತ್ತು, ಅಂಗಡಿಯದ್ದೂ ಇತ್ತು. ಮುರಿದ ಕುರ್ಚಿಯ ಫೋಟೋ, ಸರಿಹೋದ ಕುರ್ಚಿಯ ಫೋಟೋ, ಕೆಳಗೆ ಅಂಗಡಿಯ ವೇಳೆ. ಅಪ್ಪ ಮೊದಮೊದಲು ಗೊಣಗಿದ. ಅದನ್ನು ನೋಡಿಕೊಂಡು ಜನ ಕುರ್ಚಿ ಹೊತ್ತು ಬರತೊಡಗಿದ ಮೇಲೆ ತಾನೇ ಗಡ್ಡ ಬೋಳಿಸಿಕೊಂಡು ಫೋಟೋಗೆ ನಿಲ್ಲತೊಡಗಿದ.

ಇನ್ನು ಸೊಳ್ಳೆಯ ವಿಷಯ ಹೇಳಬೇಕು. ನಮ್ಮಿಂದ ಮೂರು ಬಾಗಿಲು ಆಚೆಗಿರುವ ಲಾಂಡ್ರಿಯವರ ಮಗಳು ಅವಳು. ಕಡ್ಡಿಯಂಥ ಕೈಕಾಲು, ಕಿವಿಯ ಹತ್ತಿರ ಬಂದು ಗುಂಯ್ ಎಂದು ಮಾತಾಡುವ ಚಟ. ಹೆಸರು ತಾನಾಗಿಯೇ ಬಂತು. ಮೂರು ವರ್ಷದ ಹಿಂದಿನವರೆಗೂ ಇವರಿಬ್ಬರನ್ನು ಬಿಡಿಸಿ ನೋಡಿದವರಿಲ್ಲ. ಊಟ ಒಂದು ಮನೆಯಲ್ಲಿ, ಹೋಂವರ್ಕ್ ಇನ್ನೊಂದರಲ್ಲಿ, ಜಗಳ ಬೀದಿಯಲ್ಲಿ. ಆಮೇಲೆ ಒಂದು ದಿನ ಸೊಳ್ಳೆ ಬರುವುದನ್ನು ನಿಲ್ಲಿಸಿದಳು. ಏನಾಯಿತೇ ಎಂದು ಕೇಳಿದರೆ ಗಡಿಬಿಡಿ ಭುಜ ಕುಣಿಸಿ, ಅವಳಿಗೆ ಜಂಭ ಬಂದಿದೆ ಅತ್ತೆ ಎಂದಳು. ಅದನ್ನು ಹೇಳುವಾಗ ಅವಳ ಕಣ್ಣು ತುಂಬಿತ್ತು. ಹೊಸದರಲ್ಲಿ ಹತ್ತಾರು ಸಲ ಲಾಂಡ್ರಿ ಬಾಗಿಲವರೆಗೆ ಹೋಗಿ, ಒಳಗಿನಿಂದ ಯಾರೂ ಮಾತಾಡಿಸದೆ, ವಾಪಸ್ಸು ಬಂದಿದ್ದಾಳೆ ಪಾಪ. ನನಗೂ ಸೊಳ್ಳೆಯ ಮೇಲೆ ಸಿಟ್ಟೇ ಇತ್ತು, ಸುಳ್ಳೇಕೆ ಹೇಳಲಿ.

ಕಳೆದ ತಿಂಗಳು ಒಂದು ಮಧ್ಯಾಹ್ನ ಶಿಶುವಿಹಾರದ ಟೀಚರೊಬ್ಬರು ಎಂಟು ಪುಟಾಣಿ ಕುರ್ಚಿಗಳನ್ನು ಆಟೋದಲ್ಲಿ ಹೇರಿಕೊಂಡು ಬಂದರು. ಅವತ್ತು ಕಾಲೇಜಿಗೆ ರಜೆ, ಗಡಿಬಿಡಿ ಅಲ್ಲೇ ಇದ್ದಳು. ಕಾಲುಗಳ ಅಲುಗಾಟ ನಿಲ್ಲಬೇಕು, ಜೊತೆಗೆ ಬೆನ್ನಿನ ಸರಳುಗಳ ನಡುವೆ ಒಂದೊಂದು ಸರಳು ಹೆಚ್ಚಿಗೆ ಕೂರಿಸಬೇಕು ಎಂದರು ಟೀಚರ್. ಯಾಕೆ ಎಂದು ಅಪ್ಪ ಕೇಳಿದ. ನಿಮ್ಮದೇ ಫೋಟೋ ನೋಡಿ ಭಯವಾಯಿತು ಎಂದು ಅವರು ತಮ್ಮ ಫೋನು ತೆಗೆದು ನಮ್ಮ ಅಂಗಡಿಯ ಪುಟ ತೋರಿಸಿದರು.

ಪುಟದ ಮೇಲ್ಸಾಲಿನಲ್ಲಿ ಪಿನ್ ಹಾಕಿದ ಮೂರು ಪೋಸ್ಟುಗಳಿದ್ದವು. ಹೊಸ ಪೋಸ್ಟು ಎಷ್ಟೇ ಬಂದರೂ ಪಿನ್ ಹಾಕಿದ್ದು ಕೆಳಗೆ ಸರಿಯುವುದಿಲ್ಲ, ಪುಟ ತೆರೆದವರ ಕಣ್ಣಿಗೆ ಮೊದಲು ಅದೇ ಬೀಳುತ್ತದೆ. ಮೂರನೆಯದು ಒಂದು ಹಳೇ ತೇಗದ ಕುರ್ಚಿಯ ಕಥೆ. ಒಂದೇ ಪೋಸ್ಟಿನಲ್ಲಿ ಹತ್ತು ಫೋಟೋ. ಹೊರಗೆ ಕಾಣುವುದು ಮೊದಲನೆಯದು ಮಾತ್ರ, ಉಳಿದದ್ದನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ ನೋಡಬೇಕು. ಟೀಚರ್ ಸರಿಸುತ್ತ ಹೋದರು. ಏಳನೆಯ ಫೋಟೋದಲ್ಲಿ ಸೊಳ್ಳೆ ಇದ್ದಳು.

ಕುರ್ಚಿಯ ಬೆನ್ನಿನ ಎರಡು ಸರಳುಗಳ ನಡುವೆ ಅವಳ ತಲೆ. ಬಾಯಿ ಅಗಲ ತೆರೆದಿದೆ, ಮೂಗಿನಿಂದ ಸುರಿದದ್ದು ತುಟಿಗೆ ಬಂದಿದೆ, ಎರಡು ಕಿವಿಗಳೂ ಕೆಂಪಗೆ ಊದಿಕೊಂಡಿವೆ. ಪಕ್ಕದಲ್ಲಿ ಅಪ್ಪನ ಕೈ, ಕೈಯಲ್ಲಿ ಗರಗಸ. ಆ ಮಗುವಿಗೆ ಏನೂ ಆಗಲಿಲ್ಲ ತಾನೇ ಎಂದು ಟೀಚರ್ ಕಾಳಜಿಯಿಂದ ಕೇಳಿದರು. ಏನೂ ಆಗಲಿಲ್ಲ ಎಂದು ಅಪ್ಪ ಹೇಳಿದ. ಉಪ್ಪುಕಾಗದ ಗಡಿಬಿಡಿಯ ಕೈಯಿಂದ ಬಿದ್ದಿತ್ತು.

ಮೂರು ವರ್ಷದ ಹಿಂದಿನ ಆ ದಿನ ನನಗೆ ಚೆನ್ನಾಗಿ ನೆನಪಿದೆ. ತೇಗದ ಕುರ್ಚಿ ರಿಪೇರಿಗೆ ಬಂದಿತ್ತು. ಈ ಸಂದಿಯಲ್ಲಿ ತಲೆ ತೂರಿಸ್ತೀಯಾ ಎಂದು ಗಡಿಬಿಡಿ ಪಂಥ ಕಟ್ಟಿದಳು, ಸೊಳ್ಳೆ ತೂರಿಸಿದಳು. ಹೋಗುವಾಗ ತಲೆ ಸಲೀಸಾಗಿ ಹೋಯಿತು, ಬರುವಾಗ ಕಿವಿಗಳು ಒಪ್ಪಲಿಲ್ಲ. ನಾನು ಎಣ್ಣೆ ಹಚ್ಚಿ ನೋಡಿದೆ, ಸೋಪು ಹಚ್ಚಿ ನೋಡಿದೆ. ಕೊನೆಗೆ ಅಪ್ಪ, ಗಿರಾಕಿಯ ಕುರ್ಚಿ ಎಂದೂ ನೋಡದೆ, ಒಂದು ಸರಳನ್ನೇ ಕೊಯ್ದು ಹಾಕಿದ. ಇಷ್ಟರ ನಡುವೆ ನಮ್ಮ ಗಡಿಬಿಡಿ ಫೋಟೋ ಹೊಡೆದುಕೊಂಡಿದ್ದಳು.

ಟೀಚರ್ ಹೋದ ಮೇಲೆ ಅವಳು ಅಂಗಡಿಯ ಫೋನು ಹಿಡಿದು, ನನ್ನ ಹೊಲಿಗೆ ಮಿಷನ್ನಿನ ಪಕ್ಕ ನೆಲದ ಮೇಲೆ ಕುಳಿತಳು. ಮೊದಲು ಮಾಡಿದ ಕೆಲಸ ಆ ಪೋಸ್ಟಿನ ಪಿನ್ ತೆಗೆದದ್ದು. ಆ ಪೋಸ್ಟು ಮೇಲ್ಸಾಲಿನಿಂದ ಜಾರಿ, ಮೂರು ವರ್ಷದ ಕೆಳಗೆ ತನ್ನ ತಾರೀಖಿನ ಜಾಗಕ್ಕೆ ಹೋಗಿ ಕುಳಿತಿತು. ಅಷ್ಟೇ. ಏಳನೆಯ ಫೋಟೋ ಅಲ್ಲೇ ಇತ್ತು, ಬೆರಳಾಡಿಸುತ್ತ ಕೆಳಗೆ ಹೋದವರಿಗೆಲ್ಲ ಸಿಗುವಂತೆ. ಆಮೇಲೆ ಅವಳಿಗೆ ಏನೋ ಅನುಮಾನ ಬಂದು, ಪುಟದ ಮೇಲೆ ಸಾಲಾಗಿರುವ ದುಂಡು ಗುಂಡಿಗಳಲ್ಲಿ ‘ನಮ್ಮ ಕೆಲಸ’ ಎಂಬುದನ್ನು ಒತ್ತಿದಳು. ಗುಂಡಿಯ ಮೇಲೆ ಸುತ್ತಿಗೆಯ ಚಿತ್ರ. ಒಳಗೆ ಒಂದಾದ ಮೇಲೊಂದು ಕುರ್ಚಿ, ಅಂಟಿನ ಡಬ್ಬಿ, ಬೆತ್ತದ ಸುರುಳಿ, ಆಮೇಲೆ ಇದ್ದಕ್ಕಿದ್ದಂತೆ ಪರದೆ ತುಂಬ ಸೊಳ್ಳೆಯ ಮುಖ. ಅದರ ಮೇಲೆ ದಪ್ಪ ಹಳದಿ ಅಕ್ಷರದಲ್ಲಿ, ‘ಹೊಸ ಮಾಡೆಲ್! ತಲೆ ಉಚಿತ.’

ಗಡಿಬಿಡಿ ಅಳತೊಡಗಿದಳು. ಅಳುತ್ತಲೇ ಹೇಳಿದ್ದನ್ನು ನಾನು ಜೋಡಿಸಿಕೊಂಡದ್ದು ಹೀಗೆ. ಅವತ್ತು ಅವಳು ಆ ಫೋಟೋವನ್ನು ತನ್ನ ಸ್ವಂತ ಖಾತೆಯಲ್ಲಿ ಹಾಕಿದ್ದಳು, ಅಂಗಡಿಯ ಖಾತೆಯಲ್ಲಿ ಸ್ಟೋರಿಯಾಗಿಯೂ ಹಾಕಿದ್ದಳು. ಮರುದಿನ ಸೊಳ್ಳೆ ಬಂದು, ದಯವಿಟ್ಟು ಡಿಲೀಟ್ ಮಾಡೇ ಎಂದು ಬೇಡಿಕೊಂಡಳು. ಇವಳು ಅವಳ ಕಣ್ಣೆದುರೇ ತನ್ನ ಖಾತೆಯದ್ದನ್ನು ಅಳಿಸಿ, ನೋಡು ಹೋಯ್ತು, ಆಣೆಗೂ ಇನ್ನು ಎಲ್ಲೂ ಇಲ್ಲ ಎಂದಳು. ಸ್ಟೋರಿಯನ್ನು ಮುಟ್ಟಲೇ ಇಲ್ಲ. ಅದು ಇಪ್ಪತ್ತನಾಲ್ಕು ಗಂಟೆಯಲ್ಲಿ ತಾನೇ ಮಾಯವಾಗುತ್ತದಲ್ಲ ಎಂದುಕೊಂಡಳು. ಮಾಯವಾಯಿತು ಕೂಡ.

ಆದರೆ ಅದು ಮಾಯವಾಗುವುದು ಬೇರೆಯವರ ಕಣ್ಣಿನಿಂದ. ಹಾಕಿದವರ ಖಾತೆಯಲ್ಲಿ ಆರ್ಕೈವ್ ಎಂಬ ಅಟ್ಟವೊಂದಿದೆ, ಮುಗಿದ ಸ್ಟೋರಿಗಳೆಲ್ಲ ಅಲ್ಲಿಗೆ ಹೋಗಿ ಬೀಳುತ್ತವೆ. ಎರಡು ವಾರ ಕಳೆದ ಮೇಲೆ ಈ ಮಹಾತಾಯಿ ಅಂಗಡಿಯ ಪುಟ ಅಂದಗೊಳಿಸಲು ಕುಳಿತಳು. ಆ ‘ನಮ್ಮ ಕೆಲಸ’ದ ದುಂಡು ಗುಂಡಿಗೆ ಹೈಲೈಟ್ ಎನ್ನುತ್ತಾರೆ; ಅದನ್ನು ಮಾಡಲು ಅಟ್ಟದಲ್ಲಿದ್ದ ಸ್ಟೋರಿಗಳಿಗೆಲ್ಲ ಸರಸರ ಟಿಕ್ ಹಾಕಿದಳು. ಹೈಲೈಟಿಗೆ ಸೇರಿದ ಸ್ಟೋರಿಗೆ ಇಪ್ಪತ್ತನಾಲ್ಕು ಗಂಟೆಯ ಲೆಕ್ಕವಿಲ್ಲ, ನಾವೇ ತೆಗೆಯುವ ತನಕ ಅದು ಪುಟದಲ್ಲಿರುತ್ತದೆ. ಅದೇ ಸಂಜೆ ತೇಗದ ಕುರ್ಚಿಯ ಕಥೆ ಮಾಡಲು ಫೋನಿನ ಗ್ಯಾಲರಿಯಲ್ಲಿ ಹತ್ತು ಫೋಟೋ ಆರಿಸಿದಳು. ಉಗುರಿನಷ್ಟು ಚಿತ್ರಗಳು, ಎಲ್ಲದರಲ್ಲೂ ಕುರ್ಚಿ; ಒಂದರಲ್ಲಿ ತಲೆಯಿರುವುದನ್ನು ನೋಡಲಿಲ್ಲ. ಪೋಸ್ಟಿಗೆ ಮೆಚ್ಚುಗೆ ಸುರಿಯಿತು. ಕುರ್ಚಿಗೇ ಇರಬೇಕು ಎಂದು ಹಿಗ್ಗಿ, ಪಿನ್ ಹಾಕಿಬಿಟ್ಟಳು. ಮುಂದೆ ಪುಟ ತೆರೆದಾಗಲೆಲ್ಲ ಅವಳಿಗೆ ಕಂಡದ್ದು ಹೊರಗಿನ ಕುರ್ಚಿ ಮತ್ತು ಸುತ್ತಿಗೆ. ತಾನೇ ಹಾಕಿದ್ದನ್ನು ಒಳಹೊಕ್ಕು ನೋಡುವ ತಾಳ್ಮೆ ಅವಳಿಗೆಲ್ಲಿಂದ ಬರಬೇಕು?

ಸೊಳ್ಳೆಯ ಕಡೆಯಿಂದ ನೋಡಿ. ಅಂಗಲಾಚಿದಳು, ಗೆಳತಿ ಆಣೆ ಮಾಡಿದಳು, ಎರಡು ವಾರ ಬಿಟ್ಟು ಅದೇ ಫೋಟೋ ಎರಡೆರಡು ಕಡೆ ಬಂತು, ಒಂದಂತೂ ಪುಟದ ಎಲ್ಲದಕ್ಕಿಂತ ಮೇಲೆ. ಶಾಲೆಯಲ್ಲಿ ಆ ವರ್ಷವಿಡೀ ಅವಳನ್ನು ಕುರ್ಚಿ ಕುರ್ಚಿ ಎಂದು ಕರೆಯುತ್ತಿದ್ದರಂತೆ. ಹಳೆಯ ಫೋಟೋ ನೋಡಿದವರು ಮರೆತಿಲ್ಲ ಎಂದು ಗಡಿಬಿಡಿ ಅಂದುಕೊಂಡಿದ್ದಳು. ಮರೆಯಲು ಇವಳೇ ಬಿಟ್ಟಿರಲಿಲ್ಲ.

‘ಅತ್ತೆ, ಈಗ್ಲೇ ಎಲ್ಲಾ ಡಿಲೀಟ್ ಮಾಡಿಬಿಡ್ತೀನಿ,’ ಎಂದಳು.

‘ಮಾಡಿ? ಅವಳಿಗೆ ಏನು ಹೇಳ್ತೀಯ?’

‘ಏನೂ ಹೇಳಲ್ಲ. ಇನ್ನೇನು, ಇರೋದೇ ಇಲ್ವಲ್ಲ.’

ನನಗೆ ರೇಗಿತು. ಮೊದಲು ಯಾರ ಕಣ್ಣಿಗೂ ಬೀಳದಂತೆ ಮಾಡು, ಅಳಿಸುವುದು ಮಾತ್ರ ಅವಳ ಎದುರಿಗೇ ಆಗಬೇಕು ಎಂದೆ. ಕದ್ದು ಒರೆಸಿಬಿಟ್ಟರೆ, ಅವಳ ಲೆಕ್ಕದಲ್ಲಿ ಇವಳು ಜೀವಮಾನವಿಡೀ ಆಣೆ ತಪ್ಪಿದವಳಾಗಿಯೇ ಉಳಿಯುತ್ತಾಳೆ. ಗಡಿಬಿಡಿ ಮೂಗೊರೆಸಿಕೊಂಡು ಪೋಸ್ಟನ್ನು ಆರ್ಕೈವಿಗೆ ಹಾಕಿದಳು. ಹಾಗೆ ಹಾಕಿದರೆ ಮೆಚ್ಚುಗೆ, ಮಾತು ಯಾವುದೂ ಅಳಿಯುವುದಿಲ್ಲ, ಬೇರೆ ಯಾರಿಗೂ ಕಾಣುವುದಿಲ್ಲ. ಹೈಲೈಟಿನಲ್ಲಿ ಸೊಳ್ಳೆಯ ಚಿತ್ರ ಬಂದಾಗ ಕೆಳಗಿನ ಚುಕ್ಕಿಗಳನ್ನು ಒತ್ತಿ, ಹೈಲೈಟಿನಿಂದ ತೆಗೆ ಎಂದಳು. ಅದೂ ವಾಪಸ್ಸು ಅಟ್ಟ ಸೇರಿತು.

ಮುಂದಿನ ಎರಡು ದಿನ ನಮ್ಮ ಅಂಗಡಿಯ ಬಟ್ಟೆಗಳಿಗೆ ಬಂದ ಯೋಗ ಏನು ಹೇಳಲಿ. ಸೊಳ್ಳೆ ಸಂಜೆ ಲಾಂಡ್ರಿಯಲ್ಲಿ ಅಮ್ಮನಿಗೆ ನೆರವಾಗುತ್ತಾಳೆ. ಅವಳನ್ನು ಮಾತಾಡಿಸಲು ಇವಳಿಗೊಂದು ನೆಪ ಬೇಕು. ಒಂದೇ ಕುರ್ಚಿಯ ಹೊದಿಕೆಯನ್ನು ಎರಡು ಸಲ ಇಸ್ತ್ರಿಗೆ ಕೊಟ್ಟು ಬಂದಳು. ಎರಡು ಸಲವೂ ಸೊಳ್ಳೆ ಚೀಟಿ ಹರಿದು ಕೊಟ್ಟಳಂತೆ, ಇವಳು ಚೀಟಿ ಹಿಡಿದು ಬಂದಳು. ಮೂರನೆಯ ಸಲ ಅಪ್ಪನ ಕೆಲಸದ ಏಪ್ರನ್ ಎತ್ತಿಕೊಂಡಳು. ವಾರ್ನಿಷ್ ಅಂಟಿ ಹಲಗೆಯಾಗಿರುವ ಅದನ್ನು ಇಸ್ತ್ರಿ ಮಾಡಿದರೆ ಲಾಂಡ್ರಿಗೇ ಬೆಂಕಿ ಹತ್ತೀತು ಎಂದು ನಾನೂ ಅವಳ ಬೆನ್ನು ಹಿಡಿದೆ. ನಿಜ ಹೇಳಬೇಕೆಂದರೆ ನನಗೆ ಕುತೂಹಲ ತಡೆಯಲಾಗಿರಲಿಲ್ಲ.

ಸೊಳ್ಳೆ ಉದ್ದನೆಯ ಮೇಜಿನ ಹಿಂದೆ ಒಂದು ಅಂಗಿಯ ಕಾಲರನ್ನು ತೀಡುತ್ತಿದ್ದಳು. ಎತ್ತರವಾಗಿದ್ದಾಳೆ, ಕೈ ಪಳಗಿದೆ. ಅವಳ ಅಮ್ಮ ಹಿಂದಿನ ಕೋಣೆಯಲ್ಲಿ ಮಿಷನ್ನಿಗೆ ಬಟ್ಟೆ ತುಂಬುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ನೇತುಹಾಕಿದ ಸೀರೆಗಳನ್ನು ನೋಡುವವಳಂತೆ ನಟಿಸಿದೆ. ಗಡಿಬಿಡಿ ಏಪ್ರನ್ ಮೇಜಿನ ಮೇಲಿಟ್ಟು, ಒಂದೇ ಉಸಿರಿಗೆ ಎಲ್ಲ ಹೇಳಿದಳು. ಸ್ಟೋರಿ, ಅಟ್ಟ, ಟಿಕ್, ಉಗುರಿನಷ್ಟು ಚಿತ್ರ, ಪಿನ್, ಶಿಶುವಿಹಾರದ ಟೀಚರ್. ಸೊಳ್ಳೆ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು, ಮತ್ತೆ ಮುಟ್ಟಲಿಲ್ಲ.

‘ಅದು ಅಲ್ಲಿದೆ ಅಂತ ನಂಗೆ ಗೊತ್ತು,’ ಎಂದಳು. ‘ತಿಂಗಳಿಗೊಂದ್ಸಲ ನೋಡ್ತಿದ್ದೆ. ಈ ಸಲ ತೆಗೆದಿರ್ತಾಳೆ ಅಂತ.’

‘ಒಂದ್ಸಲ ಹೇಳಬಾರದಿತ್ತಾ?’

‘ಹೇಳಿದ್ನಲ್ಲ. ಒಂದ್ಸಲ.’

ಗಡಿಬಿಡಿ ಅತ್ತಳು, ಬಾಗಿಲಲ್ಲಿ ನಿಂತಿದ್ದ ನನ್ನ ಕಣ್ಣೂ ಒದ್ದೆಯಾಯಿತು. ಬೇಕಂತ ಮಾಡಲಿಲ್ಲ ಕಣೇ, ನೋಡದೆ ಮಾಡಿದೆ ಎಂದಳು. ನೋಡದೆ ಮಾಡುವುದು ಇವಳಿಗೆ ಎಷ್ಟು ಸಹಜ ಎಂದು ಸೊಳ್ಳೆಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಆದರೂ ಮೂರು ವರ್ಷ ಒಂದು ನಿಮಿಷದಲ್ಲಿ ಕರಗುವಂಥದ್ದಲ್ಲ. ಈಗ ಎಲ್ಲ ಮರೆಮಾಡಿದ್ದೀನಿ, ನಿನ್ನ ಮುಂದೆಯೇ ಅಳಿಸುತ್ತೀನಿ ಎಂದು ಇವಳು ಅಂಗಡಿಯ ಫೋನು ಚಾಚಿದರೆ, ಸೊಳ್ಳೆ ಅದನ್ನು ತಾನೇ ಕಿತ್ತುಕೊಂಡಳು.

‘ಬಚ್ಚಿಟ್ಟಿದ್ದು ಯಾವತ್ತು ಬೇಕಾದ್ರೂ ವಾಪಸ್ ಬರುತ್ತೆ. ಕೊಡಿಲ್ಲಿ.’

ಅಂಥ ಅಚ್ಚುಕಟ್ಟಾದ ಕೆಲಸ ನಾನು ನೋಡಿರಲಿಲ್ಲ. ಮೊದಲು ಸ್ಟೋರಿಗಳ ಅಟ್ಟಕ್ಕೆ ಹೋಗಿ ತಾರೀಖು ಹುಡುಕಿ, ಹಳದಿ ಅಕ್ಷರದ ಚಿತ್ರವನ್ನು ಅಳಿಸಿದಳು. ಆಮೇಲೆ ತೇಗದ ಕುರ್ಚಿಯ ಪೋಸ್ಟನ್ನು ಆರ್ಕೈವಿನಿಂದ ಹೊರಗೆ ತಂದು, ಎಡಿಟ್ ಒತ್ತಿ, ಏಳನೆಯ ಫೋಟೋದವರೆಗೆ ಸರಿಸಿದಳು. ಅದರ ಮೂಲೆಯಲ್ಲಿ ಪುಟ್ಟ ಕಸದ ಬುಟ್ಟಿಯ ಗುರುತಿದೆ. ಅದನ್ನು ಒತ್ತಿದರೆ ಆ ಒಂದೇ ಫೋಟೋ ಹೋಗಿ ಉಳಿದ ಒಂಬತ್ತು ಹಾಗೇ ಇರುತ್ತವೆ. ತಾತನ ಒಳ್ಳೇ ಕೆಲಸ, ಅದು ಯಾಕೆ ಹೋಗ್ಬೇಕು ಎಂದು ತನ್ನಷ್ಟಕ್ಕೆ ಗೊಣಗಿದಳು. ಗ್ಯಾಲರಿಯಲ್ಲಿದ್ದ ಮೂಲ ಫೋಟೋವನ್ನೂ ಬಿಡಲಿಲ್ಲ. ಕೊನೆಗೆ ಖಾತೆಯೊಳಗೆ ‘ಇತ್ತೀಚೆಗೆ ಅಳಿಸಿದವು’ ಎಂಬ ಜಾಗಕ್ಕೆ ಹೋದಳು. ಎರಡೂ ಚಿತ್ರಗಳು ಅಲ್ಲಿ ಬಿದ್ದಿದ್ದವು. ಖಾತೆಯವರು ಮನಸ್ಸು ಬದಲಾಯಿಸಿದರೆ ಇಲ್ಲಿಂದ ಮರಳಿ ಹಾಕಬಹುದು. ಸುಮ್ಮನಿದ್ದರೆ ಮೂವತ್ತು ದಿನಕ್ಕೆ ತಾನೇ ಪೂರ್ತಿ ಅಳಿದುಹೋಗುತ್ತದೆ. ಇನ್ನೆಷ್ಟು ದಿನ ಎಂದು ಚಿತ್ರದ ಮೇಲೆಯೇ ಬರೆದಿರುತ್ತದೆ.

ಸೊಳ್ಳೆ ಹಳದಿ ಅಕ್ಷರದ್ದನ್ನು ಅಲ್ಲಿಂದಲೂ ಅಳಿಸಿದಳು. ಇನ್ನೊಂದನ್ನು ದೊಡ್ಡದು ಮಾಡಿ ನೋಡಿದಳು. ತುಟಿಯ ತುದಿಯಲ್ಲಿ ಏನೋ ಅಲುಗಿತು. ನಗುವೋ ಅಳುವೋ ನನಗೆ ತಿಳಿಯಲಿಲ್ಲ. ಅಳಿಸು, ಅಳಿಸು ಎಂದು ಗಡಿಬಿಡಿ ತವಕಿಸಿದಳು. ಸೊಳ್ಳೆ ಫೋನನ್ನು ಮೇಜಿನ ಮೇಲಿಟ್ಟಳು.

‘ಇದು ಇರ್ಲಿ. ಮೂವತ್ತು ದಿನ ನಿನ್ ಹತ್ರಾನೇ ಇರ್ಲಿ. ವಾಪಸ್ ಹಾಕೋಕೆ ಒಂದು ಗುಂಡಿ ಒತ್ತಿದ್ರೆ ಸಾಕು. ನಾನು ದಿನಾ ಬಂದು ನೋಡ್ತೀನಿ.’

ಅಂದರೆ ಆಣೆಯ ಪರೀಕ್ಷೆ ಮತ್ತೆ ಶುರು, ಈ ಸಲ ತಾರೀಖಿನ ಸಮೇತ. ಗಡಿಬಿಡಿಯ ಮುಖ ನೋಡಬೇಕಿತ್ತು. ಫೋನಿನ ಮೇಲೆ ಅವಳಿಗೆ ಎಂಥ ಭಯ ಹತ್ತಿತೆಂದರೆ, ಅಂಗಡಿಗೆ ಬಂದೊಡನೆ ಅದನ್ನು ಎರಡು ಕೈಯಲ್ಲಿ ಎತ್ತಿ, ಒಂದೊಂದೇ ಬೆರಳು ಇಟ್ಟು ಕೆಲಸ ಮಾಡತೊಡಗಿದಳು. ಹೊಸ ಕುರ್ಚಿಯ ಫೋಟೋ ಹಾಕುವ ಮುಂಚೆ ಪ್ರತಿಯೊಂದನ್ನೂ ದೊಡ್ಡದು ಮಾಡಿ, ಮೂಲೆ ಮೂಲೆ ನೋಡಿ, ಅತ್ತೆ ಇದರಲ್ಲಿ ಯಾರಾದ್ರೂ ಇದ್ದಾರಾ ಎಂದು ನನ್ನನ್ನೂ ಕೇಳುತ್ತಿದ್ದಳು.

ಮೊದಲ ದಿನ ಸೊಳ್ಳೆ ಸಂಜೆ ಐದಕ್ಕೆ ಬಂದಳು. ಬಾಗಿಲಲ್ಲೇ ನಿಂತು ಕೈ ಚಾಚಿ ಫೋನು ತೆಗೆದುಕೊಂಡು, ಇಪ್ಪತ್ತೊಂಬತ್ತು ಎಂದು ಓದಿ, ತನ್ನ ಫೋನಿನಲ್ಲಿ ನಮ್ಮ ಪುಟ ತೆರೆದು ಆ ಪೋಸ್ಟಿನ ಒಂಬತ್ತು ಫೋಟೋ ಎಣಿಸಿ, ಹೋದಳು. ಎರಡನೆಯ ದಿನವೂ ಅಷ್ಟೇ. ಆರನೆಯ ದಿನ ಒಳಗೆ ಬಂದು, ಕೂರಲು ಕುರ್ಚಿಯಿಲ್ಲದೆ ಸ್ಪಂಜಿನ ಮೂಟೆಯ ಮೇಲೆ ಕುಳಿತಳು. ಹತ್ತನೆಯ ದಿನ ಅಪ್ಪ ಅವಳ ಕೈಗೊಂದು ಉಪ್ಪುಕಾಗದ ಕೊಟ್ಟು, ಸುಮ್ಮನೆ ಕೂತಿದ್ದೀಯಲ್ಲ, ಉಜ್ಜು ಎಂದ. ಹದಿನಾರನೆಯ ದಿನ ಇಬ್ಬರಿಗೂ ಜಗಳವಾಯಿತು, ಬೆತ್ತವನ್ನು ನೆನೆಸಿಡುವ ಬಕೆಟ್ಟನ್ನು ಯಾರು ಒದ್ದದ್ದು ಎಂದು. ಬೀದಿಗೆಲ್ಲ ಕೇಳುವಂಥ ಜಗಳ. ಅಪ್ಪ ಉಳಿ ಕೆಳಗಿಟ್ಟು ಹಾಯಾಗಿ ಕೇಳಿಸಿಕೊಂಡ. ಮರುದಿನ ಸೊಳ್ಳೆ ಬರುತ್ತಾಳೋ ಇಲ್ಲವೋ ಎಂದು ಗಡಿಬಿಡಿ ನಾಲ್ಕೂವರೆಯಿಂದ ಬಾಗಿಲಲ್ಲೇ ಇದ್ದಳು. ಬಂದಳು. ಹದಿಮೂರು ಎಂದು ಓದಿದಳು.

ಕೊನೆಯ ವಾರ ಅವಳು ಬಂದ ಕೂಡಲೇ ಫೋನು ಕೇಳುವುದು ಬಿಟ್ಟಿದ್ದಳು. ಹೋಗುವ ಹೊತ್ತಿಗೆ ನೆನಪಾದರೆ ನೋಡುತ್ತಿದ್ದಳು. ಒಂದು ದಿನ ಅದೂ ಮರೆತು ಹೋಗಿಬಿಟ್ಟಳು. ಗಡಿಬಿಡಿಯೇ ಲಾಂಡ್ರಿಯವರೆಗೆ ಓಡಿ, ಮೂರು ಕಣೇ, ಮೂರು ಎಂದು ತೋರಿಸಿ ಬಂದಳು.

ಮೂವತ್ತನೆಯ ದಿನ ಇಬ್ಬರೂ ತಲೆಗೆ ತಲೆ ತಾಗಿಸಿ ನೋಡಿದಾಗ ಆ ಜಾಗ ಖಾಲಿ ಇತ್ತು. ಯಾರೂ ಏನೂ ಒತ್ತಿರಲಿಲ್ಲ. ಗಡಿಬಿಡಿಗೆ ಖುಷಿಯಾಗಬೇಕಿತ್ತು, ಆದರೆ ಅವಳು ಪೆಚ್ಚಾದಳು. ಸೊಳ್ಳೆ ಹೋದ ಮೇಲೆ ನನ್ನ ಹತ್ತಿರ ಬಂದು, ಇನ್ನು ನೋಡೋಕೆ ಏನೂ ಇಲ್ವಲ್ಲ ಅತ್ತೆ, ನಾಳೆಯಿಂದ ಯಾಕೆ ಬರ್ತಾಳೆ ಎಂದಳು. ಹೋಗಿ ಬ್ಯಾಗು ಹುಡುಕಿಕೋ ಎಂದೆ.

ಮರುದಿನ ನಾಲ್ಕೂಕಾಲಿಗೇ ಸೊಳ್ಳೆ ಬಂದಳು, ಮುಕ್ಕಾಲು ಗಂಟೆ ಮೊದಲೇ. ಬ್ಯಾಗನ್ನು ಸ್ಪಂಜಿನ ಮೂಟೆಯ ಮೇಲೆ ಎಸೆದಳು, ಗಡಿಬಿಡಿಯ ಕಿವಿಯ ಹತ್ತಿರ ಬಗ್ಗಿ ಏನೋ ಗುಂಯ್ ಎಂದಳು, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಏನದು ಎಂದು ನಾನು ಕೇಳಿದೆ. ಇಬ್ಬರೂ ಇನ್ನೂ ಜೋರಾಗಿ ನಕ್ಕರು.